ಮೂರು ಸಾಲ, ಒಂದು ಹಾಳೆ

ಮಗಳಿಗೆ ಮೈಸೂರಿನಲ್ಲಿ ಎಂಸಿಎ ಸೀಟು ಸಿಕ್ಕಿದೆ. ಎರಡು ವರ್ಷದ ಓದು. ವರ್ಷಕ್ಕೆ ಎರಡು ಲಕ್ಷದಂತೆ ಒಟ್ಟು ನಾಲ್ಕು ಲಕ್ಷ ರೂಪಾಯಿ ಬೇಕು. ಅಪ್ಪನದು ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಪುಟ್ಟ ಸ್ಟೇಷನರಿ ಅಂಗಡಿ. ಅಮ್ಮ ಓಣಿಯ ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಇದು ಊಹೆಯ ಸಂಸಾರವೇ ಆದರೂ, ಪ್ರತಿ ವರ್ಷ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಇಂಥ ಸಂಸಾರಗಳು ಊರೂರಿನಲ್ಲೂ ಬ್ಯಾಂಕಿನ ಮೆಟ್ಟಿಲು ಹತ್ತುತ್ತವೆ.

ಒಂದು ವಾರದ ಓಡಾಟದ ನಂತರ ಈ ಮನೆಯ ಮೇಜಿನ ಮೇಲೆ ಮೂರು ಕಾಗದಗಳು ಬಂದು ಕುಳಿತಿವೆ. ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದು ಶೇ 10.5ರ ಬಡ್ಡಿಗೆ ಸಾಲ ಕೊಡುತ್ತೇನೆಂದಿದೆ. ಖಾಸಗಿ ಬ್ಯಾಂಕೊಂದು ಶೇ 10 ಎಂದಿದೆ. ಕಾಲೇಜಿನ ಆವರಣದಲ್ಲೇ ಮೇಜು ಹಾಕಿಕೊಂಡು ಕುಳಿತಿದ್ದ ಹಣಕಾಸು ಸಂಸ್ಥೆಯ ಹುಡುಗ ‘ಬರೀ ಶೇ 7, ಎರಡೇ ದಿನದಲ್ಲಿ ಹಣ’ ಎಂದು ಬಣ್ಣದ ಕರಪತ್ರ ಕೈಗಿಟ್ಟಿದ್ದಾನೆ.

‘ಇದರಾಗ ಯೋಚನೆ ಮಾಡೂದು ಏನೈತಿ? ಏಳು ದೊಡ್ಡದೋ, ಹತ್ತೂವರೆ ದೊಡ್ಡದೋ?’ ಎಂದು ಅಪ್ಪ ಪೆನ್ನು ತೆಗೆದರು.

ಅಮ್ಮ ಮಾತ್ರ ಸಂಘದಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದರು: ‘ಕೈಗೆ ಎಷ್ಟು ಬರತೈತಿ? ಕೈಯಿಂದ ಎಷ್ಟು ಹೋಗತೈತಿ? ಯಾವಾಗ ಹೋಗತೈತಿ?’

ಸಾಲಗಳನ್ನು ಹೋಲಿಸುವ ಶಾಸ್ತ್ರವೆಲ್ಲ ಈ ಮೂರು ಪ್ರಶ್ನೆಗಳಲ್ಲೇ ಅಡಗಿದೆ. ಮಗಳು ಹಳೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಮೂರು ಕಂಬ ಎಳೆದು, ಒಂದೊಂದೇ ಉತ್ತರ ಬರೆಯತೊಡಗಿದಳು.

ಏಳು ಹನ್ನೆರಡೂವರೆ ಆಗುವ ಬಗೆ

ಮೊದಲು ಎಲ್ಲರ ಕಣ್ಣು ಹೋದ ಆ ಶೇ 7ರ ಸಾಲವನ್ನೇ ನೋಡೋಣ. ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಫ್ಲಾಟ್’ ಎಂಬ ಒಂದು ಪದವಿತ್ತು. ನಾಲ್ಕು ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 28,000 ರೂಪಾಯಿ ಬಡ್ಡಿ. ಐದು ವರ್ಷಕ್ಕೆ 1,40,000. ಅಸಲು ಮತ್ತು ಬಡ್ಡಿ ಸೇರಿ 5,40,000. ಅದನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 9,000 ರೂಪಾಯಿ ಕಂತು. ಕಂತು ಮುಂದಿನ ತಿಂಗಳಿನಿಂದಲೇ ಶುರು.

ಲೆಕ್ಕ ನೇರವಾಗಿಯೇ ಕಾಣುತ್ತದೆ. ಆದರೆ ಇಲ್ಲಿ ಬಡ್ಡಿಯನ್ನು ಐದು ವರ್ಷವೂ ಪೂರ್ತಿ ನಾಲ್ಕು ಲಕ್ಷದ ಮೇಲೆಯೇ ಹಾಕಲಾಗಿದೆ. ಪ್ರತಿ ತಿಂಗಳ 9,000 ರೂಪಾಯಿ ಕಂತಿನಲ್ಲಿ ಸುಮಾರು 6,667 ರೂಪಾಯಿ ಅಸಲಿಗೆ ಹೋಗುತ್ತದೆ, 2,333 ರೂಪಾಯಿ ಬಡ್ಡಿಗೆ. ಮೂವತ್ತು ತಿಂಗಳಾದ ಮೇಲೆ ಅರ್ಧ ಅಸಲು ತೀರಿರುತ್ತದೆ, ಬಡ್ಡಿ ಮಾತ್ರ ಒಂದು ಪೈಸೆಯೂ ಇಳಿದಿರುವುದಿಲ್ಲ. ಅರವತ್ತನೆಯ ತಿಂಗಳಲ್ಲಿ ಉಳಿದಿರುವ ಬಾಕಿ ಬರೀ 6,667 ರೂಪಾಯಿ. ಅದರ ಒಂದು ತಿಂಗಳ ಬಡ್ಡಿಯಾಗಿಯೂ ಅದೇ 2,333 ರೂಪಾಯಿ! ತೀರಿಸಿದ ಹಣಕ್ಕೂ ಬಡ್ಡಿ ಕಟ್ಟಿಸಿಕೊಳ್ಳುವ ಪದ್ಧತಿ ಇದು.

ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಹೇಳುವ ದರ ಈ ಬಗೆಯದಲ್ಲ. ಅಲ್ಲಿ ತೀರಿಸಿದಷ್ಟು ಅಸಲು ಕಳೆದು, ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕುತ್ತಾರೆ. ಆ ಲೆಕ್ಕಕ್ಕೆ ತಂದು ನೋಡಿದರೆ, ನಾಲ್ಕು ಲಕ್ಷ ಪಡೆದು 60 ತಿಂಗಳು 9,000 ರೂಪಾಯಿ ಕಟ್ಟುವ ಸಾಲದ ದರ ಶೇ 12.5 ಆಗುತ್ತದೆ. ಏಳು ಎಂಬುದು ಸುಳ್ಳಲ್ಲ. ಆದರೆ ಅದು ಬೇರೆ ಅಳತೆಯ ಸೇರು. ಒಂದು ಅಂಗಡಿಯ ಸೇರನ್ನು ಇನ್ನೊಂದು ಅಂಗಡಿಯ ಕಿಲೋಗೆ ಹೋಲಿಸಿ ‘ಇಲ್ಲಿ ಅಗ್ಗ’ ಎಂದರೆ ಹೇಗೋ ಹಾಗೆ.

ಫ್ಲಾಟ್ ಹೌದೋ ಅಲ್ಲವೋ ಎಂದು ಪತ್ತೆಹಚ್ಚಲು ಗಣಿತದ ಪಾಂಡಿತ್ಯ ಬೇಕಿಲ್ಲ. ಕಂತುಗಳ ಪಟ್ಟಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ಪ್ರತಿ ಕಂತಿನ ಎದುರು ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತಾರೆ. ಬಡ್ಡಿಯ ಕಂಬ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಹೋದರೆ ಅದು ಇಳಿಯುವ ಬಾಕಿಯ ಲೆಕ್ಕ. ಮೊದಲಿನಿಂದ ಕೊನೆಯವರೆಗೆ ಒಂದೇ ಸಂಖ್ಯೆ ಇದ್ದರೆ ಅದು ಫ್ಲಾಟ್.

ಕೈಗೆ ಬಂದದ್ದು ಎಷ್ಟು?

ಅಮ್ಮನ ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಹಣಕಾಸು ಸಂಸ್ಥೆ ಎರಡೂ ವರ್ಷದ ನಾಲ್ಕು ಲಕ್ಷವನ್ನು ಒಮ್ಮೆಗೇ ಮಂಜೂರು ಮಾಡುತ್ತದೆ, ನಿಜ. ಆದರೆ ಅದರಲ್ಲಿ ಶೇ 2ರಷ್ಟು ಪ್ರಕ್ರಿಯಾ ಶುಲ್ಕವನ್ನು, ಅಂದರೆ 8,000 ರೂಪಾಯಿಯನ್ನು ಮೊದಲೇ ಹಿಡಿದುಕೊಳ್ಳುತ್ತದೆ. ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ ಎಂದು ಇನ್ನೂ 1,440 ರೂಪಾಯಿ. ಒಟ್ಟು 9,440 ಕಳೆದು ಕೈಗೆ ಬರುವುದು 3,90,560 ರೂಪಾಯಿ. ಕಂತು ಮಾತ್ರ ಪೂರ್ತಿ ನಾಲ್ಕು ಲಕ್ಷದ್ದೇ.

ಕೈಗೆ ಬಂದ 3,90,560ಕ್ಕೆ 9,000ದ 60 ಕಂತು ಎಂದು ಲೆಕ್ಕ ಹಾಕಿದರೆ ದರ ಶೇ 12.5ರಿಂದ ಶೇ 13.57ಕ್ಕೆ ಏರುತ್ತದೆ. ಬಡ್ಡಿ, ಶುಲ್ಕ, ತೆರಿಗೆ ಎಲ್ಲವನ್ನೂ ಒಳಗೊಂಡ ಇದೇ ಸಾಲದ ನಿಜವಾದ ದರ. ಬ್ಯಾಂಕಿನವರು ಇದನ್ನು ವಾರ್ಷಿಕ ಶೇಕಡಾ ದರ ಅಥವಾ ಎಪಿಆರ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು ಈ ಒಂದು ಸಾಲು ಟೈಪು ಮಾಡಿದರೆ ಸಾಕು, ಉತ್ತರ ಬರುತ್ತದೆ:

```
=RATE(60,-9000,390560)*12
```

ಮೊದಲ ಸಂಖ್ಯೆ ಕಂತುಗಳದು, ಎರಡನೆಯದು ಕಂತಿನ ಮೊತ್ತ, ಮೂರನೆಯದು ಕೈಗೆ ಬಂದ ಹಣ. ಕಂತು ನಮ್ಮಿಂದ ಹೊರಗೆ ಹೋಗುವ ಹಣವಾದ್ದರಿಂದ ಅದರ ಹಿಂದೆ ಕಳೆಯುವ ಚಿಹ್ನೆ. ಸಾಲ ಪಡೆದ ಮರುತಿಂಗಳಿನಿಂದಲೇ ಸಮಾನ ಕಂತು ಶುರುವಾಗುವ ಯಾವ ಸಾಲಕ್ಕೂ ಇದು ಹೊಂದುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡನೆಯ ವರ್ಷದ ಎರಡು ಲಕ್ಷದ ಅಗತ್ಯ ಬೀಳುವುದು ಹನ್ನೆರಡು ತಿಂಗಳ ನಂತರ. ಸಾಮಾನ್ಯವಾಗಿ ಬ್ಯಾಂಕುಗಳು ಶಿಕ್ಷಣ ಸಾಲವನ್ನು ಆಯಾ ವರ್ಷದ ಅಥವಾ ಸೆಮಿಸ್ಟರಿನ ಶುಲ್ಕ ಬಾಕಿ ಬಿದ್ದಂತೆ ನೇರವಾಗಿ ಕಾಲೇಜಿಗೆ ಕಳಿಸುತ್ತವೆ, ಕಳಿಸಿದಷ್ಟಕ್ಕೆ ಮಾತ್ರ ಬಡ್ಡಿ ಹಾಕುತ್ತವೆ. ಎಲ್ಲವನ್ನೂ ಒಮ್ಮೆಗೇ ಕೊಡುವವರು ಉಪಕಾರ ಮಾಡಿದಂತೆ ಕಂಡರೂ, ಬೇಡದ ಹಣಕ್ಕೆ ಒಂದು ವರ್ಷದ ಬಡ್ಡಿ ಓಡುತ್ತಿರುತ್ತದೆ.

ಓದುವ ಕಾಲದ ಬಡ್ಡಿ

ಇನ್ನು ಎರಡು ಬ್ಯಾಂಕುಗಳು. ಎರಡೂ ಮೊದಲ ವರ್ಷ ಎರಡು ಲಕ್ಷ, ಎರಡನೆಯ ವರ್ಷದ ಆರಂಭದಲ್ಲಿ ಎರಡು ಲಕ್ಷ ಕೊಡುತ್ತವೆ. ಓದಿನ ಎರಡು ವರ್ಷ ಮತ್ತು ಆಮೇಲಿನ ಒಂದು ವರ್ಷ, ಹೀಗೆ 36 ತಿಂಗಳು ಕಂತು ಕಟ್ಟಬೇಕಿಲ್ಲ. ಅನಂತರ 84 ತಿಂಗಳು, ಅಂದರೆ ಏಳು ವರ್ಷ, ಕಂತು. ಇಷ್ಟರ ಮಟ್ಟಿಗೆ ಎರಡೂ ಅವಳಿ ಮಕ್ಕಳಂತೆ ಕಾಣುತ್ತವೆ. ಆದ್ದರಿಂದ ಶೇ 10ರ ಸಾಲವೇ ಶೇ 10.5ಕ್ಕಿಂತ ಅಗ್ಗವಿರಬೇಕು ಎಂದು ಅಪ್ಪ ಲೆಕ್ಕ ಹಾಕಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ವ್ಯತ್ಯಾಸ ಇರುವುದು ಆ 36 ತಿಂಗಳಲ್ಲಿ. ಕಂತಿಗೆ ರಜೆ ಉಂಟೇ ಹೊರತು ಬಡ್ಡಿಗೆ ರಜೆ ಇಲ್ಲ. ಹುಡುಗಿ ತರಗತಿಯಲ್ಲಿ ಕುಳಿತಿದ್ದಾಗಲೂ ಬಡ್ಡಿ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಅದು ಹೇಗೆ ಬೆಳೆಯುತ್ತದೆ ಎಂಬುದೇ ಪ್ರಶ್ನೆ.

ಸರ್ಕಾರಿ ಬ್ಯಾಂಕು ಈ ಅವಧಿಗೆ ಸರಳ ಬಡ್ಡಿ ಹಾಕುತ್ತದೆ. ಮೊದಲ ಎರಡು ಲಕ್ಷಕ್ಕೆ ಮೂರು ವರ್ಷದ ಬಡ್ಡಿ 63,000 ರೂಪಾಯಿ. ಎರಡನೆಯ ಎರಡು ಲಕ್ಷಕ್ಕೆ ಎರಡು ವರ್ಷದ ಬಡ್ಡಿ 42,000. ಒಟ್ಟು 1,05,000. ಮೂರು ವರ್ಷದ ಕೊನೆಗೆ ಬಾಕಿ 5,05,000 ರೂಪಾಯಿ. ಪ್ರಕ್ರಿಯಾ ಶುಲ್ಕ ಇಲ್ಲ. ದೇಶದೊಳಗಿನ ಓದಿಗೆ ಹಲವು ಸರ್ಕಾರಿ ಬ್ಯಾಂಕುಗಳು ಅದನ್ನು ಪಡೆಯುವುದಿಲ್ಲ.

ಖಾಸಗಿ ಬ್ಯಾಂಕಿನದು ಚಕ್ರಬಡ್ಡಿ. ಪ್ರತಿ ತಿಂಗಳ ಬಡ್ಡಿ ಅಸಲಿಗೆ ಸೇರಿಕೊಂಡು, ಮರುತಿಂಗಳು ಅದರ ಮೇಲೂ ಬಡ್ಡಿ ಬೀಳುತ್ತದೆ. ಜೊತೆಗೆ ಶೇ 1ರ ಪ್ರಕ್ರಿಯಾ ಶುಲ್ಕ ಮತ್ತು ಅದರ ಜಿಎಸ್‌ಟಿ ಸೇರಿ 4,720 ರೂಪಾಯಿ. ಇನ್ನೊಂದು, ‘ಸಾಲ ಸುರಕ್ಷಾ ವಿಮೆ’ ಎಂದು 12,000 ರೂಪಾಯಿ ಪ್ರೀಮಿಯಂ. ಅದನ್ನು ಕೈಯಿಂದ ಕಟ್ಟಬೇಕಿಲ್ಲ, ಸಾಲಕ್ಕೇ ಸೇರಿಸುತ್ತೇವೆ ಎಂದು ಶಾಖೆಯವರು ಸಮಾಧಾನ ಹೇಳಿದ್ದರು. ಮೂರು ವರ್ಷದ ಕೊನೆಗೆ ಈ ಸಾಲದ ಬಾಕಿ 5,29,893 ರೂಪಾಯಿ ಆಗಿರುತ್ತದೆ.

‘ಕೈಯಿಂದ ಕಟ್ಟಬೇಕಿಲ್ಲ’ ಎಂಬ ಆ ಹನ್ನೆರಡು ಸಾವಿರದ ಕಥೆಯನ್ನೇ ನೋಡಿ. ಮೂರು ವರ್ಷದಲ್ಲಿ ಅದು ಬೆಳೆದು ಸುಮಾರು 16,178 ಆಗುತ್ತದೆ. ಅದನ್ನು ಏಳು ವರ್ಷದ ಕಂತುಗಳಲ್ಲಿ ತೀರಿಸುವ ಹೊತ್ತಿಗೆ ಕೈಬಿಟ್ಟು ಹೋಗುವ ಹಣ ಸುಮಾರು 22,500 ರೂಪಾಯಿ. ವಿಮೆಯೇ ಬೇಡವೆಂದಲ್ಲ. ಬೇಕೆನಿಸಿದರೆ ಬೇರೆಯಾಗಿ ಕೊಳ್ಳಬಹುದು. ಸಾಲದ ಹೊಟ್ಟೆಯೊಳಗೆ ಸೇರಿಸಿಕೊಂಡು ಅದಕ್ಕೂ ಹತ್ತು ವರ್ಷ ಬಡ್ಡಿ ಕಟ್ಟುವುದು ದುಬಾರಿ. ‘ಇದು ಕಡ್ಡಾಯ’ ಎಂದು ಯಾರಾದರೂ ಹೇಳಿದರೆ ಹಾಗೆಂದು ಬರವಣಿಗೆಯಲ್ಲಿ ಕೊಡಿ ಎಂದು ಕೇಳುವುದು ಒಳ್ಳೆಯದು.

ಸರಳ ಬಡ್ಡಿಯೋ, ಚಕ್ರಬಡ್ಡಿಯೋ ಎಂದು ತಿಳಿಯಲು ಶಾಖೆಯಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ‘ಮಧ್ಯೆ ಏನೂ ಕಟ್ಟದಿದ್ದರೆ, ಮೊದಲ ಕಂತು ಶುರುವಾಗುವ ದಿನ ನಮ್ಮ ಬಾಕಿ ಎಷ್ಟಿರುತ್ತದೆ?’ ದರವನ್ನು ಎಷ್ಟು ಬಗೆಯಲ್ಲಾದರೂ ಹೇಳಬಹುದು. ಈ ಸಂಖ್ಯೆಯನ್ನು ಮಾತ್ರ ಬಣ್ಣ ಬಳಿದು ಹೇಳಲಾಗದು.

ಹಾಳೆ ತುಂಬಿದಾಗ

ಮಗಳ ಹಾಳೆ ಕೊನೆಗೆ ಹೀಗಾಯಿತು. ಮೊತ್ತಗಳೆಲ್ಲ ರೂಪಾಯಿಗಳಲ್ಲಿ.

| | ಸರ್ಕಾರಿ ಬ್ಯಾಂಕು | ಖಾಸಗಿ ಬ್ಯಾಂಕು | ಹಣಕಾಸು ಸಂಸ್ಥೆ |
|---|---|---|---|
| ಹೇಳಿದ ದರ | ಶೇ 10.5 | ಶೇ 10 | ಶೇ 7 ಫ್ಲಾಟ್ |
| ಶುಲ್ಕ ಮತ್ತು ಜಿಎಸ್‌ಟಿ | ಇಲ್ಲ | 4,720 | 9,440 |
| ಸಾಲಕ್ಕೆ ಸೇರಿದ ವಿಮೆ | ಇಲ್ಲ | 12,000 | ಇಲ್ಲ |
| ಮೊದಲ ಕಂತು | 37ನೆಯ ತಿಂಗಳು | 37ನೆಯ ತಿಂಗಳು | ಮರುತಿಂಗಳು |
| ಕಂತು | 8,515 × 84 | 8,797 × 84 | 9,000 × 60 |
| ಬಡ್ಡಿ, ಶುಲ್ಕ ಸೇರಿ ಒಟ್ಟು ವೆಚ್ಚ | 3,15,260 | 3,43,668 | 1,49,440 |
| ನಿಜವಾದ ದರ | ಶೇ 9.97 | ಶೇ 10.78 | ಶೇ 13.57 |

ಮೊದಲ ಮತ್ತು ಕೊನೆಯ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾಲದ ಪೇಟೆಯ ಗುಟ್ಟು ಬಯಲಾಗುತ್ತದೆ. ಹೇಳಿದ ದರದಲ್ಲಿ ಎಲ್ಲರಿಗಿಂತ ದುಬಾರಿಯಾಗಿ ಕಂಡ ಸಾಲ ನಿಜವಾದ ದರದಲ್ಲಿ ಎಲ್ಲರಿಗಿಂತ ಅಗ್ಗ. ಅಗ್ಗವಾಗಿ ಕಂಡದ್ದು ಎಲ್ಲಕ್ಕಿಂತ ದುಬಾರಿ. ಸರ್ಕಾರಿ ಬ್ಯಾಂಕಿನ ನಿಜವಾದ ದರ ಹೇಳಿದ ದರಕ್ಕಿಂತಲೂ ಕಡಿಮೆ ಬಂದದ್ದಕ್ಕೆ ಕಾರಣ, ಮೂರು ವರ್ಷ ಬಡ್ಡಿಯ ಮೇಲೆ ಬಡ್ಡಿ ಬೀಳದಿರುವುದು. ಖಾಸಗಿ ಬ್ಯಾಂಕಿಗೂ ಅದಕ್ಕೂ ನಡುವಿನ ಅಂತರ 28,408 ರೂಪಾಯಿ. ಅರ್ಧ ಶೇಕಡಾ ಉಳಿಸಲು ಹೋಗಿ ಇಪ್ಪತ್ತೆಂಟು ಸಾವಿರ ಕಳೆದುಕೊಳ್ಳುವ ಲೆಕ್ಕ.

ಆದರೆ ಅಪ್ಪನ ಬೆರಳು ಇನ್ನೊಂದು ಸಾಲಿನ ಮೇಲೆ ನಿಂತಿತ್ತು. ‘ಒಟ್ಟು ವೆಚ್ಚ ನೋಡವ್ವ. ಕಡೀದು ಒಂದೂವರೆ ಲಕ್ಷ ಅಷ್ಟ. ಉಳಿದವು ಮೂರು ಲಕ್ಷದ ಮ್ಯಾಲೆ. ಹಂಗಾದ್ರ ಅದ ಅಗ್ಗ ಅಲ್ಲೇನು?’

ಪ್ರಶ್ನೆ ನ್ಯಾಯವಾದದ್ದೇ. ನಿಜವಾದ ದರ ಒಂದು ಮಾತು ಹೇಳುತ್ತದೆ, ಒಟ್ಟು ವೆಚ್ಚ ಇನ್ನೊಂದು ಹೇಳುತ್ತದೆ. ಉತ್ತರ ಇರುವುದು ಅಮ್ಮನ ಮೂರನೆಯ ಪ್ರಶ್ನೆಯಲ್ಲಿ: ಹಣ ಹೋಗುವುದು ಯಾವಾಗ? ಬ್ಯಾಂಕಿನ ಸಾಲ ಹತ್ತು ವರ್ಷ ಬಾಳುತ್ತದೆ, ಅದರಲ್ಲಿ ಮೊದಲ ಮೂರು ವರ್ಷ ಒಂದು ರೂಪಾಯಿಯೂ ಕಟ್ಟಿರುವುದಿಲ್ಲ. ಹಣಕಾಸು ಸಂಸ್ಥೆಯ ಸಾಲ ಐದೇ ವರ್ಷಕ್ಕೆ ಮುಗಿಯುತ್ತದೆ. ಹೆಚ್ಚು ಕಾಲ ಹಣ ಇಟ್ಟುಕೊಂಡವರು ಹೆಚ್ಚು ಬಡ್ಡಿ ಕಟ್ಟುವುದು ಸಹಜ. ಎರಡು ಸಾಲಗಳ ಒಟ್ಟು ವೆಚ್ಚವನ್ನು ಹೋಲಿಸಬೇಕಾದರೆ ಮೊತ್ತವೂ ಅವಧಿಯೂ ಒಂದೇ ಇರಬೇಕು.

ಹಾಗೆ ಒಂದೇ ಮಾಡಿ ನೋಡೋಣ. ಸರ್ಕಾರಿ ಬ್ಯಾಂಕಿನ ಶೇ 10.5ರ ದರದಲ್ಲಿ ನಾಲ್ಕು ಲಕ್ಷವನ್ನು ಒಮ್ಮೆಗೇ ಪಡೆದು, ಮರುತಿಂಗಳಿನಿಂದಲೇ 60 ಕಂತಿನಲ್ಲಿ ತೀರಿಸಿದರೆ ಕಂತು 8,598 ರೂಪಾಯಿ, ಒಟ್ಟು ಬಡ್ಡಿ 1,15,880. ಹಣಕಾಸು ಸಂಸ್ಥೆಯದು 1,49,440. ತಿಂಗಳ ಕಂತೂ ಕಡಿಮೆ, ಒಟ್ಟಿನಲ್ಲಿ 33,560 ರೂಪಾಯಿ ಉಳಿತಾಯ. ಐದು ವರ್ಷದಲ್ಲಿ ತೀರಿಸುವ ಶಕ್ತಿ ಈ ಮನೆಗೆ ಇದ್ದರೆ, ಆ ಶಕ್ತಿಯನ್ನು ಅಗ್ಗದ ಸಾಲದ ಮೇಲೆ ಹಾಕುವುದೇ ಲಾಭ. ಬದಲಾಗುವ ದರದಲ್ಲಿ ವ್ಯಕ್ತಿಗಳು ವ್ಯಾಪಾರೇತರ ಉದ್ದೇಶಕ್ಕೆ ಪಡೆದ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸ್ಥಿರ ದರದ ಸಾಲವಾದರೆ ಮಾತ್ರ ಒಪ್ಪಂದದಲ್ಲಿ ದಂಡದ ಷರತ್ತು ಇದೆಯೇ ಎಂದು ನೋಡಿಕೊಳ್ಳಬೇಕು.

ಒಟ್ಟಿನಲ್ಲಿ, ನಿಜವಾದ ದರ ಹೇಳುವುದು ಯಾವ ಸಾಲ ಅಗ್ಗ ಎಂಬುದನ್ನು. ಒಟ್ಟು ವೆಚ್ಚ ಹೇಳುವುದು ಆ ಸಾಲವನ್ನು ಎಷ್ಟು ಕಾಲ ಎಳೆದರೆ ಎಷ್ಟು ತೆರಬೇಕು ಎಂಬುದನ್ನು. ಸಾಲಗಾರನನ್ನು ಆರಿಸಲು ಮೊದಲನೆಯದು, ಅವಧಿಯನ್ನು ಆರಿಸಲು ಎರಡನೆಯದು.

ತಿಂಗಳಿಗೆ 1,750 ರೂಪಾಯಿ

ಮರುತಿಂಗಳಿನಿಂದಲೇ ಎಂಟೂವರೆ ಸಾವಿರ ಕಟ್ಟುವುದು ಈ ಅಂಗಡಿಯ ದುಡಿಮೆಗೆ ಆಗದ ಮಾತು. ಮೂರು ವರ್ಷ ಏನೂ ಕಟ್ಟದೆ ಇದ್ದರೆ ಬಾಕಿ 5,05,000ಕ್ಕೆ ಏರುತ್ತದೆ. ಇವೆರಡರ ನಡುವೆ ಒಂದು ದಾರಿ ಇದೆ: ಓದಿನ ಕಾಲದಲ್ಲಿ ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋಗುವುದು.

ಸರ್ಕಾರಿ ಬ್ಯಾಂಕಿನ ಸಾಲಕ್ಕೆ ಮೊದಲ ವರ್ಷ ತಿಂಗಳಿಗೆ 1,750 ರೂಪಾಯಿ ಬಡ್ಡಿ. ಎರಡನೆಯ ಎರಡು ಲಕ್ಷ ಬಂದ ಮೇಲೆ, ಮುಂದಿನ ಎರಡು ವರ್ಷ ತಿಂಗಳಿಗೆ 3,500. ಒಟ್ಟು ಕಟ್ಟುವುದು ಅದೇ 1,05,000 ರೂಪಾಯಿ. ಆದರೆ ಕಂತು ಶುರುವಾಗುವ ದಿನ ಬಾಕಿ ನಾಲ್ಕೇ ಲಕ್ಷ. ಕಂತು 8,515ರಿಂದ 6,744ಕ್ಕೆ ಇಳಿಯುತ್ತದೆ. ಒಟ್ಟು ಬಡ್ಡಿ 3,15,260ರಿಂದ 2,71,496ಕ್ಕೆ. ಸುಮಾರು 43,700 ರೂಪಾಯಿ ಕಡಿಮೆ. ಹೀಗೆ ಓದಿನ ಕಾಲದಲ್ಲಿ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲೂ ರಿಯಾಯಿತಿ ಕೊಡುತ್ತವೆ. ಅದನ್ನು ಕೇಳಿ ಬರೆಸಿಕೊಳ್ಳಬೇಕು.

ಹಾಳೆಗೆ ಇನ್ನೊಂದು ಸಾಲು ಸೇರಿಸುವುದೂ ಅಗತ್ಯ: ಸಬ್ಸಿಡಿ ಸಿಗುತ್ತದೆಯೇ? ವರ್ಷದ ಆದಾಯ 4.5 ಲಕ್ಷದವರೆಗೆ ಇರುವ ಕುಟುಂಬಗಳ ಮಕ್ಕಳು ಅರ್ಹ ಸಂಸ್ಥೆಗಳಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸು ಓದಿದರೆ, ಕಂತಿಲ್ಲದ ಅವಧಿಯ ಬಡ್ಡಿಯನ್ನು ಭರಿಸುವ ಕೇಂದ್ರದ ಯೋಜನೆ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಓದುವ, 8 ಲಕ್ಷದವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಆ ಅವಧಿಯ ಬಡ್ಡಿಯಲ್ಲಿ ಶೇ 3ರ ನೆರವು ಉಂಟು. ಕಾಲೇಜಿನ ಹೆಸರು ಪಟ್ಟಿಯಲ್ಲಿ ಇದೆಯೇ, ಸಾಲ ಕೊಡುವವರು ಯೋಜನೆಯಲ್ಲಿ ಸೇರಿದ್ದಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಸಹಿ ಹಾಕುವ ಮೊದಲೇ ಕೇಳಬೇಕು. ಅವಸರದಲ್ಲಿ ಬೇರೆ ಕಡೆ ಸಾಲ ಮಾಡಿದವರಿಗೆ ಈ ನೆರವು ತಪ್ಪಿಹೋಗಬಹುದು. ನಮ್ಮ ಉದಾಹರಣೆಯಲ್ಲಿ ಪೂರ್ತಿ ನೆರವು ಸಿಕ್ಕರೆ ಉಳಿಯುವುದು 1,05,000 ರೂಪಾಯಿ. ಅರ್ಧ ಶೇಕಡಾದ ಚೌಕಾಸಿ ಅದರ ಮುಂದೆ ಏನೇನೂ ಅಲ್ಲ.

ಕೇಳಿ ಪಡೆಯಬೇಕಾದ ಕಾಗದ

ಇಷ್ಟೆಲ್ಲ ಸಂಖ್ಯೆಗಳನ್ನು ಹೆಕ್ಕಿ ತೆಗೆಯುವುದು ಹಿಂದೆ ಕಷ್ಟದ ಕೆಲಸವಾಗಿತ್ತು. ಈಗ ಅದಕ್ಕೊಂದು ಕಾಗದವೇ ಇದೆ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಜನಸಾಮಾನ್ಯರಿಗೆ ಕೊಡುವ ಹೊಸ ಅವಧಿ ಸಾಲಗಳಿಗೆಲ್ಲ ‘ಪ್ರಮುಖ ಅಂಶಗಳ ಹೇಳಿಕೆ’ ಕೊಡಬೇಕು. ಕೆಎಫ್‌ಎಸ್ ಎಂದು ಕೇಳಿದರೆ ಶಾಖೆಯಲ್ಲಿ ಅರ್ಥವಾಗುತ್ತದೆ.

ಅದರಲ್ಲಿ ಸಾಲದ ಮೊತ್ತ, ಕಂತು, ಒಂದೊಂದು ಶುಲ್ಕ, ಎಪಿಆರ್ ಮತ್ತು ಕಂತುಗಳ ಪಟ್ಟಿ ಇರಬೇಕು. ವಿಮೆಯಂತೆ ಬೇರೆಯವರ ಪರವಾಗಿ ವಸೂಲು ಮಾಡುವ ಹಣವೂ ಎಪಿಆರ್ ಲೆಕ್ಕದೊಳಗೆ ಬರಬೇಕು. ಸಾಲ ಪಡೆಯುವವರಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ಕೊಡಬೇಕು. ಆದ್ದರಿಂದ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ದಾಕ್ಷಿಣ್ಯದ ವಿಷಯವಲ್ಲ. ಈ ಹೇಳಿಕೆಯಲ್ಲಿ ಬರೆಯದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲು ಮಾಡುವಂತಿಲ್ಲ. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ, ಹೇಳಿಕೆ ಕೈಸೇರಿದ ಮೇಲೆ ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಸಮಯವೂ ಉಂಟು. ‘ಇವತ್ತು ಸಹಿ ಹಾಕದಿದ್ದರೆ ಈ ದರ ಹೋಯಿತು’ ಎಂಬ ಮಾತಿಗೆ ಹೆದರಬೇಕಾಗಿಲ್ಲ.

ಮೂರು ಕಡೆಯಿಂದ ಮೂರು ಹೇಳಿಕೆ ಪಡೆದರೆ ಹೋಲಿಕೆಯ ಹಾಳೆ ಅರ್ಧ ತಾನಾಗಿಯೇ ತುಂಬಿತು. ಆದರೂ ಎರಡು ಕಡೆ ಎಚ್ಚರ ಬೇಕು. ಮೂವರಿಗೂ ಒಂದೇ ಮೊತ್ತ, ಒಂದೇ ಅವಧಿ, ಒಂದೇ ರೀತಿಯ ಹಣ ಬಿಡುಗಡೆ ಹೇಳಿ ಹೇಳಿಕೆ ಕೇಳಬೇಕು. ಇಲ್ಲದಿದ್ದರೆ ಅಪ್ಪನ ಒಂದೂವರೆ ಲಕ್ಷದ ಗೊಂದಲವೇ ಮತ್ತೆ ಎದುರಾಗುತ್ತದೆ. ಇನ್ನೊಂದು, ಬದಲಾಗುವ ದರದ ಸಾಲದಲ್ಲಿ ಇವತ್ತಿನ ಎಪಿಆರ್ ಇವತ್ತಿನ ಚಿತ್ರ ಮಾತ್ರ. ರೆಪೊ ದರ ಏರಿಳಿದಂತೆ ಬಡ್ಡಿಯೂ ಏರಿಳಿಯಬಹುದು. ದರವನ್ನು ಯಾವುದಕ್ಕೆ ಜೋಡಿಸಿದ್ದಾರೆ, ಎಷ್ಟು ತಿಂಗಳಿಗೊಮ್ಮೆ ಪರಿಷ್ಕರಿಸುತ್ತಾರೆ ಎಂಬುದನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಹಾಳೆ ಹೇಳಲಾಗದ ಒಂದು ಮಾತೂ ಉಂಟು. ಮೂರು ವರ್ಷದ ನಂತರ ಮಗಳ ಕೈಗೆ ಬರುವ ಸಂಬಳದಲ್ಲಿ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು 6,744 ರೂಪಾಯಿ ಉಳಿದೀತೇ? ಆ ಕೋರ್ಸು ಮುಗಿಸಿದ ಹಿರಿಯ ವಿದ್ಯಾರ್ಥಿಗಳನ್ನು ನಾಲ್ಕು ಜನ ಕೇಳಿದರೆ, ಕಾಲೇಜಿನ ಕೈಪಿಡಿಗಿಂತ ನಂಬಬಹುದಾದ ಉತ್ತರ ಸಿಗುತ್ತದೆ.

ರಾತ್ರಿ ಹತ್ತು ಗಂಟೆಗೆ ಲೆಕ್ಕ ಮುಗಿಯಿತು. ಬಣ್ಣದ ಕರಪತ್ರ ಮೇಜಿನ ಮೇಲೆಯೇ ಉಳಿಯಿತು. ಅಪ್ಪ ಅಂಗಡಿಯ ಖಾತೆ ಪುಸ್ತಕ ತೆರೆದು, ಹಾಲಿನ ಬಾಬತ್ತಿನ ಕೆಳಗೆ ಹೊಸದೊಂದು ಸಾಲು ಬರೆದರು: ‘ಮಗಳ ಬಡ್ಡಿ, 1,750.’

ಅಮ್ಮ ಅದನ್ನು ನೋಡಿ, ‘ಎರಡನೇ ವರ್ಷದಿಂದ ಮೂರೂವರೆ ಸಾವಿರ ಅಂತ ಈಗಲೇ ಬರದಿಡ್ರಿ’ ಎಂದರು.